ತಾರಸಿ ಮೇಲಿನ ಸೋಲಾರ್‌ಗೆ ವಿಮೆ: ಗಾಳಿಗೆ ಉಂಟು, ಕಳ್ಳನಿಗೆ ಅರ್ಧ, ಕರೆಂಟಿಗೆ ಇಲ್ಲ

ಕಬ್ಬು ನುರಿಸುವ ಹಂಗಾಮು ಮುಗಿದು ಸಮೀರವಾಡಿಯ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಸಾಲು ಕಡಿಮೆಯಾಗುವ ಹೊತ್ತಿಗೆ ಈ ಭಾಗದ ಆಕಾಶದ ಆಟ ಶುರುವಾಗುತ್ತದೆ. ಏಪ್ರಿಲ್, ಮೇ ತಿಂಗಳ ಇಳಿಹೊತ್ತಿನಲ್ಲಿ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಬೀಸುವ ಅಡ್ಡಮಳೆಯ ಗಾಳಿ ಮಳೆಗಿಂತ ಮೊದಲು ಬಂದು, ಮಳೆಗಿಂತ ಹೆಚ್ಚು ಹಾನಿ ಮಾಡಿ ಹೋಗುವಂಥದ್ದು. ಮೊದಲು ಅದಕ್ಕೆ ಹಾರುತ್ತಿದ್ದದ್ದು ತಗಡು. ಈಗ ತಾರಸಿಗಳ ಮೇಲೆ ಒಂದೂವರೆ, ಎರಡು ಲಕ್ಷದ ಸೋಲಾರ್ ಪ್ಲೇಟುಗಳೂ ಇವೆ. ಅವು ಹಾರಿದರೆ ದುಡ್ಡು ಯಾರು ಕೊಡುತ್ತಾರೆ?

ಈ ಪ್ರಶ್ನೆಗೆ ಮೂರು ಕಡೆಯಿಂದ ಮೂರು ಉತ್ತರ ಬರುತ್ತವೆ. ಪ್ಲೇಟು ಕೂಡಿಸಿದ ವೆಂಡರ್ ‘ಐದು ವರ್ಷ ನಮ್ಮದೇ ಸರ್ವಿಸ್’ ಎನ್ನುತ್ತಾನೆ. ಸಾಲ ಕೊಟ್ಟ ಬ್ಯಾಂಕಿನವರು ‘ಇನ್ಶೂರೆನ್ಸ್ ಸಾಲದಲ್ಲೇ ಬರುತ್ತದೆ’ ಎನ್ನುತ್ತಾರೆ. ಏಜೆಂಟ್ ‘ಸೋಲಾರ್‌ಗೆ ಬೇರೆ ಪಾಲಿಸಿ ಮಾಡಿಸಬೇಕು’ ಎನ್ನುತ್ತಾನೆ. ಮೂರರಲ್ಲೂ ಅರ್ಧರ್ಧ ಸತ್ಯ ಇದೆ. ಉಳಿದರ್ಧವನ್ನು ಪಾಲಿಸಿಯ ಸಣ್ಣಕ್ಷರದಲ್ಲಿ ಹುಡುಕಬೇಕು.

ಮೊದಲು ವೆಂಡರ್‌ನ ಮಾತು. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿವರೆಗೆ ಕೇಂದ್ರದ ಸಹಾಯಧನ ಸಿಗುತ್ತದೆ. ಕೂಡಿಸಿದವನು ಐದು ವರ್ಷ ನಿರ್ವಹಣೆ ಮಾಡಿಕೊಡಬೇಕೆಂಬ ಷರತ್ತೂ ಇದೆ. ಆದರೆ ಆ ಜವಾಬ್ದಾರಿ ಯಂತ್ರ ತಾನಾಗಿ ಕೆಟ್ಟಾಗಿನದು. ಬಿರುಗಾಳಿ, ಸಿಡಿಲು, ಕಳ್ಳತನ ಅದರೊಳಗೆ ಬರುವುದಿಲ್ಲ. ಪ್ಲೇಟಿನ ಕಂಪನಿ ಕೊಡುವ 25 ವರ್ಷದ ವಾರಂಟಿಯೂ ಅಷ್ಟೇ. ಪ್ಲೇಟು ಸಹಜವಾಗಿ ಸವೆಯುವ ವೇಗಕ್ಕಷ್ಟೇ ಅದು ಜಾಮೀನು.

ಹಾಗಾದರೆ ಪ್ರತ್ಯೇಕ ಸೋಲಾರ್ ಪಾಲಿಸಿ ಬೇಕೇ? ಸಾಮಾನ್ಯ ಮನೆಗೆ ಬೇಡ. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇದು. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ದೇಶದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಿಗೂ ಮನೆಗೊಂದು ಏಕರೂಪದ ಪಾಲಿಸಿಯನ್ನು ಕಡ್ಡಾಯ ಮಾಡಿತು. ಅದರ ಹೆಸರು ಭಾರತ್ ಗೃಹ ರಕ್ಷಾ. ಯಾವ ಕಂಪನಿಯಲ್ಲಿ ಕೊಂಡರೂ ಮೂಲ ಒಕ್ಕಣೆ ಒಂದೇ. ಆ ಒಕ್ಕಣೆಯಲ್ಲಿ ‘ಮನೆಯ ಕಟ್ಟಡ’ ಎಂದರೆ ಏನೇನು ಎಂದು ಹೇಳುವಾಗ ಕಂಪೌಂಡ್ ಗೋಡೆ, ನೀರಿನ ಟ್ಯಾಂಕು, ಗೋಬರ್ ಗ್ಯಾಸಿನ ಜೊತೆಗೆ ಸೋಲಾರ್ ಪ್ಯಾನೆಲ್‌ಗಳನ್ನೂ ಹೆಸರಿಟ್ಟು ಸೇರಿಸಿದ್ದಾರೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕಂಪ, ಮರವೋ ಗೋಡೆಯೋ ಬಂದು ಬಡಿಯುವುದು, ಗಲಭೆ ಎಲ್ಲವೂ ಅದರಲ್ಲಿ ಪರಿಹಾರಕ್ಕೆ ಅರ್ಹ. ಅಂದರೆ ಮನೆಗೆ ಈ ಪಾಲಿಸಿ ಇದ್ದರೆ ತಾರಸಿಯ ಪ್ಲೇಟಿಗೆ ಗಾಳಿಯ ರಕ್ಷಣೆ ಆಗಲೇ ಅರ್ಧ ಬಂದಂತೆ.

ಅರ್ಧ ಎಂದದ್ದಕ್ಕೆ ಕಾರಣ ಮೊತ್ತ. ಗೃಹ ರಕ್ಷಾದಲ್ಲಿ ಮನೆಯ ವಿಮಾ ಮೊತ್ತವನ್ನು ಕಾರ್ಪೆಟ್ ವಿಸ್ತೀರ್ಣ ಗುಣಿಸು ಚದರಡಿಗೆ ಕಟ್ಟುವ ಖರ್ಚು ಎಂದು ತೆಗೆಯುತ್ತಾರೆ. ಪ್ಲೇಟು, ಟ್ಯಾಂಕು, ಕಂಪೌಂಡಿನಂಥ ಹೆಚ್ಚುವರಿ ರಚನೆಗಳ ಬೆಲೆಯನ್ನು ಬೇರೆಯಾಗಿ ಕೂಡಿಸಬೇಕು. ನಮ್ಮಲ್ಲಿ ಬಹಳಷ್ಟು ಪಾಲಿಸಿಗಳು ಗೃಹಸಾಲ ತೆಗೆದ ದಿನ ಬ್ಯಾಂಕಿನಲ್ಲೇ ಸಹಿ ಹಾಕಿಸಿಕೊಂಡವು. ಸೋಲಾರ್ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಹಾಗಾಗಿ ಆ ಮೊತ್ತದಲ್ಲಿ ಪ್ಲೇಟಿನ ಬೆಲೆ ಇಲ್ಲ. ಇದನ್ನು ಸರಿಪಡಿಸುವುದು ಸುಲಭ. ಬಿಲ್ಲಿನ ನಕಲು ಕೊಟ್ಟು ‘ತಾರಸಿ ಸೌರ ಘಟಕ, ಇಷ್ಟು ಕಿಲೋವ್ಯಾಟ್, ಇಷ್ಟು ಬೆಲೆ, ಪ್ಲೇಟು, ಸ್ಟ್ರಕ್ಚರ್, ಇನ್ವರ್ಟರ್, ಕೇಬಲ್ ಸೇರಿ’ ಎಂದು ಎಂಡಾರ್ಸ್‌ಮೆಂಟ್ ಬರೆಸಬೇಕು. ಬಾಯಿಮಾತಿನ ‘ಹೂಂ’ ಸಾಲದು. ಎರಡು ಲಕ್ಷದ ಘಟಕಕ್ಕೆ ಹೆಚ್ಚುವ ಪ್ರೀಮಿಯಂ ನೂರರ ಲೆಕ್ಕದ್ದು, ಸಾವಿರದ್ದಲ್ಲ. ಏಜೆಂಟರು ತಾವಾಗಿ ಇದನ್ನು ಹೇಳದಿರುವುದಕ್ಕೆ ಅದೂ ಒಂದು ಕಾರಣ ಇರಬಹುದು.

ಬೆಲೆ ಬರೆಸುವಾಗ ಇನ್ನೊಂದು ಎಡವಟ್ಟು ನಡೆಯುತ್ತದೆ. ಎರಡು ಲಕ್ಷದ ಘಟಕಕ್ಕೆ 78,000 ಸಹಾಯಧನ ಬಂತಲ್ಲ, ನನ್ನ ಕೈಯಿಂದ ಹೋದದ್ದು 1,22,000 ಎಂದು ಅಷ್ಟನ್ನೇ ಬರೆಸುವವರಿದ್ದಾರೆ. ಸಹಾಯಧನ ಒಂದು ಮನೆಗೆ ಒಂದೇ ಸಲ. ಗಾಳಿಗೆ ಹೋದದ್ದನ್ನು ಮತ್ತೆ ಕೂಡಿಸುವಾಗ ಅಂಗಡಿಯ ಪೂರ್ತಿ ಬೆಲೆ ಕೊಡಬೇಕಾಗುತ್ತದೆ. ಆದ್ದರಿಂದ ಪೂರ್ತಿ ಬೆಲೆಯೇ ಪಾಲಿಸಿಯಲ್ಲಿರಬೇಕು. ಸಾಲ ಇದ್ದರೆ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರಿರುತ್ತದೆ, ಪರಿಹಾರದ ಹಣ ಮೊದಲು ಸಾಲದ ಖಾತೆಗೆ ಹೋಗಬಹುದು. ಅದೇ ಹಣದಲ್ಲಿ ದುರಸ್ತಿ ಮಾಡಿಸುವವರು ಬ್ಯಾಂಕಿನ ಜೊತೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಬನಹಟ್ಟಿ, ರಬಕವಿಯ ಕಡೆಗೆ ಇಲ್ಲೊಂದು ವಿಶೇಷ ಮಾತು ಹೇಳಬೇಕು. ಅಲ್ಲಿ ಎಷ್ಟೋ ಮನೆಗಳ ಕೆಳಗೆ ಮಗ್ಗ, ಮೇಲೆ ಸಂಸಾರ. ಗೃಹ ರಕ್ಷಾ ವಾಸದ ಮನೆಗೆ ಇರುವ ಪಾಲಿಸಿ. ಪವರ್‌ಲೂಮ್ ಓಡುವ ಕಟ್ಟಡಕ್ಕೆ ಅದನ್ನೇ ತೆಗೆದುಕೊಂಡು ಮಗ್ಗದ ವಿಷಯ ಹೇಳದೆ ಬಿಟ್ಟರೆ ಕ್ಲೇಮಿನ ದಿನ ಅದೇ ನೆಪವಾಗುತ್ತದೆ. ಅಂಥ ಕಟ್ಟಡಕ್ಕೆ ಅದೇ 2021ರಲ್ಲಿ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಪಾಲಿಸಿ ಇದೆ. ಎರಡರಲ್ಲಿ ಯಾವುದು ಎಂಬುದನ್ನು ಮಗ್ಗದ ಸಂಖ್ಯೆ ಬರೆದುಕೊಟ್ಟು ಕಂಪನಿಯಿಂದಲೇ ಲಿಖಿತವಾಗಿ ಕೇಳಿ ಪಡೆಯಬೇಕು.

ಇನ್ನು ಗಾಳಿ. ಪ್ಲೇಟು ಹೇಗೆ ಹಾರುತ್ತದೆ ಎಂಬುದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡಬಹುದು. ಈಗ ಕೂಡಿಸುವ 540 ವ್ಯಾಟಿನ ಪ್ಲೇಟು ಸುಮಾರು ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ. ತೂಕ 28 ಕೆ.ಜಿ. ಆಸುಪಾಸು. ಗಂಟೆಗೆ 100 ಕಿ.ಮೀ. ವೇಗದ ಗಾಳಿ ಅಷ್ಟು ಅಗಲದ ಮೇಲೆ ಹಾಕುವ ಒತ್ತಡ ಸುಮಾರು 120 ಕೆ.ಜಿ. ಭಾರಕ್ಕೆ ಸಮ. ಗಾಳಿ ಅಡಿಯಿಂದ ನುಗ್ಗಿದರೆ ಈ ಬಲದ ಬಹುಪಾಲು ಪ್ಲೇಟನ್ನು ಮೇಲಕ್ಕೆತ್ತಲು ನೋಡುತ್ತದೆ. ಅದನ್ನು ತಡೆಯುವುದು ಪ್ಲೇಟಿನ ತೂಕವಲ್ಲ, ಅದನ್ನು ಹಿಡಿದಿರುವ ಕ್ಲಾಂಪುಗಳು ಮತ್ತು ಕಂಬದ ಬುಡ. ನಮ್ಮ ಕಡೆ ತಾರಸಿಯಲ್ಲಿ ಸಂಡಿಗೆ ಒಣಗಿಸಬೇಕು, ಬೇಸಿಗೆಯಲ್ಲಿ ಮಲಗಬೇಕು ಎಂದು ಎಂಟಡಿ ಎತ್ತರದ ಸ್ಟ್ರಕ್ಚರ್ ಕೇಳುತ್ತಾರೆ. ಸ್ಲ್ಯಾಬ್ ಕೊರೆದರೆ ಸೋರುತ್ತದೆಂದು ಬೋಲ್ಟು ಹಾಕಿಸದೆ ಬರಿಯ ಕಾಂಕ್ರೀಟ್ ದಿಮ್ಮಿಯ ಮೇಲೆ ಕಂಬ ನಿಲ್ಲಿಸಲು ಹೇಳುತ್ತಾರೆ. ಎತ್ತರ ಹೆಚ್ಚು, ಬುಡ ಸಡಿಲ. ಇದಕ್ಕಿಂತ ಅಪಾಯದ ಜೋಡಣೆ ಮತ್ತೊಂದಿಲ್ಲ. ವಿಮೆ ಬಿರುಗಾಳಿಗೆ ದುಡ್ಡು ಕೊಡುತ್ತದೆ ನಿಜ, ಆದರೆ ಸರ್ವೇಯರ್ ಬಂದಾಗ ಮೊದಲು ನೋಡುವುದು ತುಕ್ಕು ಹಿಡಿದ ಬೋಲ್ಟು, ಅರ್ಧ ಸಿಕ್ಕಿಸಿದ ಕ್ಲಾಂಪು. ಹಾರಿಸಿದ್ದು ಗಾಳಿಯೋ ಅಜಾಗ್ರತೆಯೋ ಎಂಬ ವಾದ ಅಲ್ಲಿಂದಲೇ ಹುಟ್ಟುತ್ತದೆ.

ಆಲಿಕಲ್ಲಿನ ಹೆಸರು ಪಾಲಿಸಿಯ ಪಟ್ಟಿಯಲ್ಲಿ ಬೇರೆಯಾಗಿ ಇಲ್ಲ. ಬಿರುಗಾಳಿಯೊಡನೆ ಬಿದ್ದದ್ದೆಂದೋ ಹೊರಗಿನ ವಸ್ತು ಬಂದು ಬಡಿದದ್ದೆಂದೋ ಅದನ್ನು ಕೇಳಬೇಕು. ಪ್ಲೇಟುಗಳ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 25 ಮಿ.ಮೀ. ಗಾತ್ರದ ಮಂಜಿನ ಗುಂಡನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಹನ್ನೊಂದು ಕಡೆ ಹೊಡೆದು ನೋಡುತ್ತಾರೆ. ಅಂದರೆ ದೊಡ್ಡ ಗೋಲಿಗುಂಡಿನಷ್ಟು ಆಲಿಕಲ್ಲನ್ನು ಒಳ್ಳೆಯ ಪ್ಲೇಟು ತಡೆಯಬೇಕು. ಅದಕ್ಕಿಂತ ದೊಡ್ಡದು ಬಿದ್ದರೆ ಗಾಜು ಒಡೆಯದೆಯೂ ಒಳಗಿನ ಸೆಲ್ ಬಿರಿಯಬಹುದು. ಈ ಬಿರುಕು ಕಣ್ಣಿಗೆ ಕಾಣುವುದಿಲ್ಲ. ತಿಂಗಳುಗಳ ಮೇಲೆ ಆ ಜಾಗ ಬಿಸಿಯಾಗಿ ಕಂದು ಕಲೆ ಮೂಡುತ್ತದೆ, ಅಷ್ಟರಲ್ಲಿ ಕ್ಲೇಮಿನ ಹೊತ್ತು ಮೀರಿರುತ್ತದೆ. ಆಲಿಕಲ್ಲು ಬಿದ್ದ ಮರುದಿನ ಬಿಸಿಲೇರಿದಾಗ ಥರ್ಮಲ್ ಕ್ಯಾಮೆರಾದಲ್ಲಿ ಚಿತ್ರ ತೆಗೆಸಿ ಇಟ್ಟುಕೊಂಡರೆ ಮಾತ್ರ ವಾದಕ್ಕೆ ಆಧಾರ ಇರುತ್ತದೆ.

ಈಗ ಒಂದು ಮನೆಯನ್ನು ಕಲ್ಪಿಸಿಕೊಂಡು ಲೆಕ್ಕ ಹಾಕೋಣ. ಸಮೀರವಾಡಿಯಲ್ಲಿ 900 ಚದರಡಿಯ ಆರ್‌ಸಿಸಿ ಮನೆ, ಚದರಡಿಗೆ 1,800ರಂತೆ 16,20,000. ಮೇಲೆ ಆರು ಪ್ಲೇಟಿನ, ಸುಮಾರು 3.2 ಕಿಲೋವ್ಯಾಟಿನ ಘಟಕ, 2,00,000. ಪಾಲಿಸಿ ಮೊತ್ತ 18,20,000. ಮೇ ತಿಂಗಳ ಒಂದು ಸಂಜೆ ಗಾಳಿ ಎದ್ದು ಎರಡು ಪ್ಲೇಟು ಕಿತ್ತು ಪಕ್ಕದ ಮನೆಯ ತಗಡಿನ ಮೇಲೆ ಬಿದ್ದವು, ಮೂರನೆಯದರ ಗಾಜು ಒಡೆಯಿತು, ಸ್ಟ್ರಕ್ಚರ್ ಬಾಗಿತು. ಅದೇ ಹೊತ್ತಿಗೆ ಬೀದಿಯ ಆಚೆ ಸಿಡಿಲು ಬಡಿದು ಇನ್ವರ್ಟರ್ ಸತ್ತಿತು. ಮೂರು ಪ್ಲೇಟಿಗೆ 42,000, ಸ್ಟ್ರಕ್ಚರ್ ಮತ್ತು ಕೂಲಿ 25,000, ಕೇಬಲ್ 5,000, ಇನ್ವರ್ಟರ್ 30,000. ಒಟ್ಟು 1,02,000 ರೂಪಾಯಿ ಹಾನಿ.

ಯಜಮಾನ ಮಾಡಬೇಕಾದ ಮೊದಲ ಕೆಲಸ ಡಿ.ಸಿ. ಸ್ವಿಚ್ ಇಳಿಸುವುದು. ಒಡೆದ ಪ್ಲೇಟಿನಲ್ಲೂ ಬಿಸಿಲಿರುವವರೆಗೆ ಕರೆಂಟ್ ಇರುತ್ತದೆ. ಆಮೇಲೆ ಏನನ್ನೂ ಎತ್ತಿಡುವ ಮೊದಲು ಫೋಟೋ, ಅದೇ ದಿನ ಕಂಪನಿಗೆ ತಿಳಿಸುವುದು. ಗಾಳಿ ಎದ್ದಿತ್ತು ಎಂಬುದಕ್ಕೆ ಎರಡು ಸಾಕ್ಷಿ ಸುಲಭವಾಗಿ ಸಿಗುತ್ತವೆ. ಒಂದು, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನು ಇಟ್ಟಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದಾಖಲೆ. ಇನ್ನೊಂದು ಮೊಬೈಲಿನಲ್ಲೇ ಇದೆ: ಇನ್ವರ್ಟರ್ ಆ್ಯಪ್‌ನಲ್ಲಿ ಉತ್ಪಾದನೆಯ ಗೆರೆ ಎಷ್ಟು ಗಂಟೆಗೆ ನೆಲಕ್ಕೆ ಬಿತ್ತು ಎಂಬುದು. ಎರಡರ ಸಮಯ ಹೊಂದಿದರೆ ವಾದಕ್ಕೆ ಜಾಗ ಕಡಿಮೆ. ಸರ್ವೇಯರ್ ನೇಮಕವಾದ 15 ದಿನದಲ್ಲಿ ವರದಿ, ವರದಿ ಸೇರಿದ 7 ದಿನದಲ್ಲಿ ಕಂಪನಿಯ ತೀರ್ಮಾನ ಎಂಬುದು ಪ್ರಾಧಿಕಾರದ 2024ರ ಸುತ್ತೋಲೆಯ ಗಡುವು.

ಆ ತೀರ್ಮಾನ ಬಹುಶಃ ಹೀಗಿರುತ್ತದೆ: ಪ್ಲೇಟು, ಸ್ಟ್ರಕ್ಚರ್, ಕೇಬಲ್ ಸೇರಿ 72,000ದಲ್ಲಿ ಗುಜರಿಯ ಬೆಲೆ ಕಳೆದು ಉಳಿದದ್ದು ಮಂಜೂರು. ಇನ್ವರ್ಟರ್‌ನ 30,000 ನಾಮಂಜೂರು. ಸಿಡಿಲು ಪಾಲಿಸಿಯಲ್ಲಿ ಇದೆಯಲ್ಲ ಎಂದು ಯಾರಿಗಾದರೂ ಸಿಟ್ಟು ಬರುತ್ತದೆ. ಇಲ್ಲೇ ಇರುವುದು ಈ ವಿಮೆಯ ಅತಿ ಕುತಂತ್ರದ ವಾಕ್ಯ. ಶಾರ್ಟ್ ಸರ್ಕ್ಯೂಟ್, ಅತಿ ಒತ್ತಡ, ಕಿಡಿ, ತಾನಾಗಿ ಕಾಯುವುದು, ಕರೆಂಟ್ ಸೋರಿಕೆ ಇವುಗಳಿಂದ ಒಂದು ವಿದ್ಯುತ್ ಉಪಕರಣ ಕೆಟ್ಟರೆ, ಕಾರಣ ಏನೇ ಇರಲಿ, ಸಿಡಿಲೇ ಆಗಿರಲಿ, ಆ ಉಪಕರಣಕ್ಕೆ ಪರಿಹಾರವಿಲ್ಲ ಎನ್ನುತ್ತದೆ ಅದು. ಸಿಡಿಲು ನೇರ ಬಡಿದು ಪ್ಲೇಟು ಸುಟ್ಟರೆ ದುಡ್ಡು ಬರುತ್ತದೆ. ತಂತಿಗುಂಟ ಹರಿದುಬಂದು ಇನ್ವರ್ಟರ್‌ನ ಬೋರ್ಡು ಸುಟ್ಟರೆ ಬರುವುದಿಲ್ಲ. ಆ ಇನ್ವರ್ಟರ್‌ನಿಂದ ಬೆಂಕಿ ಹತ್ತಿ ಪಕ್ಕದ ಕಪಾಟು ಸುಟ್ಟರೆ ಕಪಾಟಿಗೆ ಬರುತ್ತದೆ. ಸಿಡಿಲಿನಿಂದ ಸಾಯುವ ಇನ್ವರ್ಟರ್‌ಗಳಲ್ಲಿ ಹೆಚ್ಚಿನವು ಎರಡನೆಯ ಬಗೆಯವು. ಹಾಗಾಗಿ ಮನೆ ಪಾಲಿಸಿ ಇದ್ದೂ ಇನ್ವರ್ಟರ್ ಬಯಲಲ್ಲೇ ನಿಂತಿರುತ್ತದೆ. ಉಪಕರಣ ಕೆಡುವುದಕ್ಕೆ ಇರುವ ಬ್ರೇಕ್‌ಡೌನ್ ಆ್ಯಡ್-ಆನ್ ಅನ್ನು ಇನ್ವರ್ಟರ್‌ನ ಹೆಸರು ಬರೆಸಿ ಕೊಳ್ಳಬೇಕು.

ಅದಕ್ಕಿಂತ ಅಗ್ಗದ ಮದ್ದು ನೆಲದಲ್ಲಿದೆ. ಪ್ಲೇಟಿನ ಕಡೆಗೊಂದು, ಇನ್ವರ್ಟರ್ ಕಡೆಗೊಂದು, ಸಿಡಿಲು ತಡೆಗೊಂದು ಎಂದು ಮೂರು ಅರ್ಥಿಂಗ್ ಗುಂಡಿ ಇರಬೇಕು, ಎರಡೂ ಕಡೆಯ ಡಬ್ಬಿಗಳಲ್ಲಿ ಸರ್ಜ್ ಪ್ರೊಟೆಕ್ಟರ್ ಇರಬೇಕು. ಆ ಪ್ರೊಟೆಕ್ಟರ್‌ನ ಸಣ್ಣ ಕಿಟಕಿ ಹಸಿರಿದ್ದರೆ ಬದುಕಿದೆ, ಕೆಂಪಾಗಿದ್ದರೆ ಒಂದು ಹೊಡೆತ ತಾನು ತಿಂದು ಸತ್ತಿದೆ, ಬದಲಿಸಬೇಕು. ನಮ್ಮ ಎರೆಮಣ್ಣು ಮೇ ತಿಂಗಳಿನಲ್ಲಿ ಬಿರಿದು ಒಣಗಿರುತ್ತದೆ, ಒಣ ಮಣ್ಣು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಿಡಿಲಿನ ಕಾಲವೂ ಅದೇ. ಅರ್ಥಿಂಗ್ ಗುಂಡಿಗೆ ಬೇಸಿಗೆ ಪೂರ್ತಿ ವಾರಕ್ಕೊಂದೆರಡು ಕೊಡ ನೀರು ಹಾಕಿಸುವುದನ್ನು ಯಾವ ಪಾಲಿಸಿಯೂ ಹೇಳುವುದಿಲ್ಲ.

ಪಕ್ಕದ ಮನೆಯವರ ತಗಡು? ಅದಕ್ಕೂ ಮೂಲ ಪಾಲಿಸಿಯಲ್ಲಿ ಜಾಗವಿಲ್ಲ, ಹೊಣೆಗಾರಿಕೆಯ ಆ್ಯಡ್-ಆನ್ ಬೇಕು. ಮೂರು ಹೊಸ ಪ್ಲೇಟು ತರಲು ಹೋದರೆ ಹಳೆಯ ಮಾದರಿ ಸಿಗದಿರಬಹುದು. ಬೇರೆ ವ್ಯಾಟಿನ ಪ್ಲೇಟನ್ನು ಅದೇ ಸಾಲಿಗೆ ಕೂಡಿಸಿದರೆ ಇಡೀ ಸಾಲು ದುರ್ಬಲ ಪ್ಲೇಟಿನ ಅಳತೆಗೆ ಇಳಿಯುತ್ತದೆ. ಆ ಕೊರತೆ ವಿಮೆಗೆ ಸಂಬಂಧಿಸಿದ್ದಲ್ಲ.

ಪ್ರವಾಹದ ಬಗ್ಗೆ ಇಷ್ಟು ಸಾಕು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ ಊರೊಳಗೆ ಬಂದದ್ದನ್ನು ನೋಡಿದವರು ಇನ್ವರ್ಟರನ್ನು ಕೆಳಮನೆಯ ಮೀಟರ್ ಪಕ್ಕದಲ್ಲಿ ಹಾಕಿಸಬಾರದು. ಪ್ರವಾಹ ಪಾಲಿಸಿಯಲ್ಲಿದೆ, ಆದರೂ ತಾರಸಿಯ ಮೆಟ್ಟಿಲ ಕೋಣೆ ಅದಕ್ಕೆ ತಕ್ಕ ಜಾಗ.

ಕಳ್ಳತನದ ಕಥೆ ಬೇರೆ. ಗೃಹ ರಕ್ಷಾದ ಮೂಲ ಒಕ್ಕಣೆಯಲ್ಲಿ ಕಳ್ಳತನಕ್ಕೆ ಇರುವುದು ಏಳು ದಿನ ಮಾತ್ರ. ಬಿರುಗಾಳಿ, ಬೆಂಕಿಯಂಥ ಅವಘಡ ಆಗಿ, ಅದರ ಕಾರಣದಿಂದಲೇ ಏಳು ದಿನದೊಳಗೆ ಕಳುವಾದರೆ ಪರಿಹಾರ ಉಂಟು. ಸುಮ್ಮನೆ ಒಂದು ರಾತ್ರಿ ಪ್ಲೇಟು ಬಿಚ್ಚಿಕೊಂಡು ಹೋದರೆ ಇಲ್ಲ. ಅದಕ್ಕೆ ಬರ್ಗ್ಲರಿ ವಿಮೆ ಬೇರೆ ಕೊಳ್ಳಬೇಕು. ಕೊಂಡ ಮೇಲೂ ತೊಡಕು ತೀರುವುದಿಲ್ಲ. ಬರ್ಗ್ಲರಿ ಎಂದರೆ ಬಲ ಬಳಸಿ ಒಳನುಗ್ಗಿ ಕದ್ದದ್ದು ಎಂದು ಪಾಲಿಸಿಗಳು ವಿವರಿಸುತ್ತವೆ. ಯುನೈಟೆಡ್ ಇಂಡಿಯಾ ಮತ್ತು ಹರಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಪಾಲಿಸಿಯಲ್ಲಿ ಬಲಪ್ರಯೋಗ ಎಂದು ಬರೆದಿದ್ದರೆ ಬಲಪ್ರಯೋಗ ಆಗಿರಲೇಬೇಕು, ಬರಿಯ ಕಳ್ಳತನಕ್ಕೆ ಪರಿಹಾರ ಬಾರದು ಎಂಬುದು ಅದರ ಸಾರ. ನಮ್ಮ ಮನೆಗಳ ತಾರಸಿಗೆ ಮೆಟ್ಟಿಲು ಹೊರಗಿನಿಂದ. ಬಾಗಿಲೂ ಇಲ್ಲ, ಬೀಗವೂ ಇಲ್ಲ. ಕಳ್ಳ ಸ್ಪ್ಯಾನರ್ ಹಿಡಿದು ಮೆಟ್ಟಿಲೇರಿ ಬೋಲ್ಟು ಬಿಚ್ಚಿಕೊಂಡು ಹೋದರೆ ಮುರಿದದ್ದು ಏನು ಎಂದು ಸರ್ವೇಯರ್ ಕೇಳುತ್ತಾನೆ.

ಆದ್ದರಿಂದ ಕೊಳ್ಳುವಾಗಲೇ ‘ಬರ್ಗ್ಲರಿ’ ಜೊತೆ ‘ಥೆಫ್ಟ್’ ಕೂಡ ಸೇರಿದೆಯೇ, ಮನೆಯ ಹೊರಭಾಗದಲ್ಲಿ ಅಳವಡಿಸಿದ ಪ್ಲೇಟಿಗೆ ಅದು ಅನ್ವಯಿಸುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಬೇಕು. ಮೆಟ್ಟಿಲಿಗೊಂದು ಕಬ್ಬಿಣದ ಗೇಟು, ಬೀಗ ಹಾಕಿಸಿದರೆ ಕಳ್ಳನಿಗೂ ಅಡ್ಡಿ, ಮುರಿದ ಬೀಗ ಕ್ಲೇಮಿಗೂ ಸಾಕ್ಷಿ. ಎಫ್‌ಐಆರ್‌ನಲ್ಲಿ ಆ ಮುರಿದ ಬೀಗ ದಾಖಲಾಗಬೇಕು. ಭಾರತೀಯ ನ್ಯಾಯ ಸಂಹಿತೆಯ 303 ಬರಿಯ ಕಳ್ಳತನ, 331 ಮನೆಗೆ ಅತಿಕ್ರಮವಾಗಿ ಅಥವಾ ಕನ್ನ ಹಾಕಿ ನುಗ್ಗಿದ್ದು. ದೂರಿನಲ್ಲಿ ಬೀಗದ ಮಾತೇ ಇಲ್ಲದಿದ್ದರೆ ಪೊಲೀಸರು ಮೊದಲನೆಯದನ್ನಷ್ಟೇ ಹಾಕುತ್ತಾರೆ, ವಿಮಾ ಕಂಪನಿ ಅದನ್ನೇ ತೋರಿಸುತ್ತದೆ. ಪ್ರತಿ ಪ್ಲೇಟಿನ ಸೀರಿಯಲ್ ನಂಬರ್ ಕೂಡ ದೂರಿನಲ್ಲಿರಲಿ. ಅದು ಪ್ಲೇಟಿನ ಹಿಂಬದಿಯ ಚೀಟಿಯಲ್ಲಿರುತ್ತದೆ, ಕೂಡಿಸುವ ದಿನವೇ ಫೋಟೋ ತೆಗೆದಿಟ್ಟುಕೊಂಡವರಿಗೆ ಮಾತ್ರ ಆಮೇಲೆ ಸುಲಭವಾಗಿ ಸಿಗುತ್ತದೆ.

ಮೂರನೆಯದು ಉತ್ಪಾದನೆಯ ನಷ್ಟ. ಗೃಹ ರಕ್ಷಾದಲ್ಲಿ ಗಳಿಕೆಯ ನಷ್ಟ, ತಡದಿಂದಾದ ನಷ್ಟ ಎಲ್ಲವನ್ನೂ ಸ್ಪಷ್ಟವಾಗಿ ಹೊರಗಿಟ್ಟಿದ್ದಾರೆ. ಜರ್ಮನಿಯಲ್ಲಿ ಮನೆಯ ಸೋಲಾರ್‌ಗೇ ಬೇರೆ ವಿಮೆ ಇದ್ದು, ಹಾನಿಯಾಗಿ ಘಟಕ ನಿಂತ ದಿನಗಳಿಗೆ ಕಿಲೋವ್ಯಾಟಿಗೆ ದಿನಕ್ಕಿಷ್ಟು ಎಂದು ಕೊಡುವ ಪದ್ಧತಿ ರೂಢಿಯಲ್ಲಿದೆ. ಅಲ್ಲಿ ತಾರಸಿಯ ಕರೆಂಟ್ ಮಾರಿ ಸಾಲ ತೀರಿಸುವವರು ಬಹಳ. ನಮ್ಮಲ್ಲಿ ಅದು ಬೇಕೇ ಎಂದು ಮೇಲಿನ ಮನೆಯ ಲೆಕ್ಕದಲ್ಲೇ ನೋಡಬಹುದು. 3.2 ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ 13 ಯೂನಿಟ್. ದುರಸ್ತಿಗೆ 40 ದಿನ ಹಿಡಿಯಿತೆಂದರೆ 520 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಎಂದರೂ 3,120 ರೂಪಾಯಿ. ಹೆಸ್ಕಾಂಗೆ ಮಾರುವ ಯೂನಿಟ್ಟಿನ ದರ ಅದಕ್ಕಿಂತ ಕಡಿಮೆ, ಹಾಗಾಗಿ ನಿಜವಾದ ನಷ್ಟ ಇನ್ನೂ ಸಣ್ಣದು. ಒಂದು ಲಕ್ಷದ ಹಾನಿಯ ಪಕ್ಕದಲ್ಲಿ ಇದು ವಿಮೆ ಮಾಡಿಸುವ ಮೊತ್ತವೇ ಅಲ್ಲ. ಮೆಗಾವ್ಯಾಟ್ ಲೆಕ್ಕದ ಸೌರ ಪಾರ್ಕುಗಳಿಗೆ ಇದು ದೊಡ್ಡ ಸಂಗತಿ. ಮನೆಗೆ ಅಲ್ಲ.

ಅದಲ್ಲದೆ ಈ ಭಾಗದ ಮನೆಗಳಲ್ಲಿ ಉತ್ಪಾದನೆ ಇಳಿಯುವುದು ಬಹುಪಾಲು ವಿಮೆಗೆ ಒಳಪಡದ ಕಾರಣಗಳಿಗೆ. ಕಬ್ಬು ಕಡಿದ ಮೇಲೆ ರವದಿ ಸುಟ್ಟ ಮಸಿ, ಆಲೆಮನೆಯ ಹೊಗೆ, ಬೇಸಿಗೆಯ ಧೂಳು ಪ್ಲೇಟಿನ ಮೇಲೆ ಕೂತು ಮಳೆ ಬರುವವರೆಗೆ ತೊಳೆದುಹೋಗುವುದಿಲ್ಲ. ಲೈನ್ ಹೋದರೆ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ, ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವಕ್ಕಾಗಿ ಅದು ಹಾಗೆಯೇ ಮಾಡಬೇಕು. ಮಸಿಯೋ ಹಾನಿಯೋ ಎಂದು ತಿಳಿಯುವ ದಾರಿ ಸರಳ. ಮೋಡವಿಲ್ಲದ ದಿನ ಬೆಳಿಗ್ಗೆ ಪ್ಲೇಟು ತೊಳೆದು ಆ್ಯಪ್ ನೋಡಬೇಕು. ಉತ್ಪಾದನೆ ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್ ಆಸುಪಾಸಿಗೆ ಮರಳಿದರೆ ಅದು ಮಸಿ. ಮರಳದಿದ್ದರೆ ವೆಂಡರ್‌ನನ್ನು ಕರೆಸಬೇಕು. ಐದು ವರ್ಷದ ಷರತ್ತು ಇರುವುದು ಇಂಥದಕ್ಕೇ.

ಕಂಪನಿಯ ತೀರ್ಮಾನ ಸರಿಕಾಣದಿದ್ದರೆ ಮೊದಲು ಅದರ ದೂರು ವಿಭಾಗಕ್ಕೆ ಬರೆದು, ಆಮೇಲೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಮುಂದೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ವಿವಾದ ಅಲ್ಲಿ ನಡೆಯುತ್ತದೆ. ಇನ್ವರ್ಟರ್‌ನ ಸಿಡಿಲಿನ ವಾಕ್ಯವನ್ನು ಪ್ರಶ್ನಿಸಲು ಅದೇ ತಕ್ಕ ಜಾಗ. ಸಿಡಿಲು ರಕ್ಷಣೆಯ ಪಟ್ಟಿಯಲ್ಲೂ ಇದ್ದು, ನಿರಾಕರಣೆಯ ಪಟ್ಟಿಯಲ್ಲೂ ಇರುವುದು ಮನೆಯವನಿಗೆ ಅರ್ಥವಾಗುವ ನ್ಯಾಯವಲ್ಲ. ಪ್ರಾಧಿಕಾರ ಆ ವಾಕ್ಯವನ್ನು ತಾರಸಿಯ ಇನ್ವರ್ಟರ್‌ಗಳ ಮಟ್ಟಿಗಾದರೂ ತೆಗೆಯಬೇಕು. ಅಲ್ಲಿಯವರೆಗೆ ಹೀಗೆ ಮಾಡಿ: ಗಾಳಿಗೆ ಮನೆಯ ಪಾಲಿಸಿಯಲ್ಲೇ ಪ್ಲೇಟು ಬರೆಸಿ, ಇನ್ವರ್ಟರ್‌ಗೆ ಆ್ಯಡ್-ಆನ್ ಕೊಳ್ಳಿ, ಮೆಟ್ಟಿಲಿಗೆ ಗೇಟು ಹಾಕಿಸಿ. ಉತ್ಪಾದನೆಯ ನಷ್ಟಕ್ಕೆಂದು ಯಾರಾದರೂ ಪಾಲಿಸಿ ಮಾರಲು ಬಂದರೆ ಕೊಳ್ಳಬೇಡಿ.